ಹಗಲು ಹನ್ನೊಂದಕ್ಕೆ ಬೀದಿದೀಪದಡಿ ನಿಂತು ಮಾತಾಡಿದ ಸದಸ್ಯರಿಗೆ

ಮಾನ್ಯ ಪುರಸಭಾ ಸದಸ್ಯರೇ,

ಕಳೆದ ಭಾನುವಾರ ಗಣಪತಿ ಗುಡಿಯ ಮುಂದೆ ಶಾಮಿಯಾನ ಹಾಕಿಸಿ ತಾವು ಮಾಡಿದ ಭಾಷಣವನ್ನು ಬೀದಿಯವರೆಲ್ಲ ಕೇಳಿದೆವು. ಕೇಳದೆ ವಿಧಿಯಿರಲಿಲ್ಲ, ಮೈಕಿನ ಒಂದು ಬಾಯಿ ನನ್ನ ಅಡುಗೆಮನೆಯ ಕಿಟಕಿಗೇ ಮುಖ ಮಾಡಿತ್ತು. "ನೀವು ಕಟ್ಟುವ ಮನೆ ಕಂದಾಯವೇ ನಿಮ್ಮ ನಲ್ಲಿಯ ನೀರು, ನಿಮ್ಮ ಕಾಲಡಿಯ ರಸ್ತೆ, ನಿಮ್ಮ ತಲೆ ಮೇಲಿನ ದೀಪ" ಎಂದಿರಿ. ಚಪ್ಪಾಳೆ ಬಿತ್ತು. ತಲೆ ಮೇಲಿನ ದೀಪ ಎಂದಾಗ ನಾವು ಕೆಲವರು ಕತ್ತೆತ್ತಿ ನೋಡಿದೆವು. ಹೊತ್ತು ಹನ್ನೊಂದಾಗಿತ್ತು, ಬಿಸಿಲು ನೆತ್ತಿಗೇರುತ್ತಿತ್ತು, ಕಂಬದ ದೀಪ ನಿಷ್ಠೆಯಿಂದ ಉರಿಯುತ್ತಿತ್ತು. ನಮ್ಮ ವಾರ್ಡಿನಲ್ಲಿ ತಪ್ಪದೆ ಡ್ಯೂಟಿ ಮಾಡುವುದು ಅದೊಂದೇ.

ಮನೆಗೆ ಬಂದು ಕಂದಾಯದ ಚಲನ್ ತೆಗೆದು ನೋಡಿದೆ. ತಾವು ಹೇಳಿದ ಮೂರೂ ಅದರಲ್ಲಿ ಎಲ್ಲಾದರೂ ಇರಬೇಕಲ್ಲ! ಆಸ್ತಿ ತೆರಿಗೆ 2,000 ರೂಪಾಯಿ. ಅದರ ಕೆಳಗೆ ಆರೋಗ್ಯ ಉಪಕರ ಶೇ. 15, ಅಂದರೆ 300. ಗ್ರಂಥಾಲಯ ಉಪಕರ ಶೇ. 6, ಅದು 120. ಭಿಕ್ಷುಕರ ಉಪಕರ ಶೇ. 3, ಅದು 60. ನೀರು, ರಸ್ತೆ, ದೀಪ ಎಂಬ ಹೆಸರಿನ ಸಾಲು ಒಂದೂ ಸಿಗಲಿಲ್ಲ. ಉಪಕರಗಳ ಮಟ್ಟಿಗೆ ಪುರಸಭೆ ಬರೀ ವಸೂಲಿದಾರ: ಗ್ರಂಥಾಲಯದ ದುಡ್ಡು ಗ್ರಂಥಾಲಯ ಇಲಾಖೆಗೆ ಹೋಗಬೇಕು, ಭಿಕ್ಷುಕರದ್ದು ಅವರ ಪುನರ್ವಸತಿ ನೋಡಿಕೊಳ್ಳುವ ಸಮಿತಿಗೆ. ಹೋಗಬೇಕು ಎಂದೆ, ಹೋಗುತ್ತದೆ ಎಂದು ಬರೆಯಲು ಕೈ ಬರಲಿಲ್ಲ. ನಲ್ಲಿ ನೀರಿಗಂತೂ ನಾವು ಬೇರೆಯದೇ ಪುಸ್ತಕದಲ್ಲಿ ನೀರಿನ ಕರ ಕಟ್ಟುತ್ತೇವೆ. ಹಾಗಿರುವಾಗ ಕಂದಾಯವೇ ನೀರು ಎಂದರೆ, ಒಂದೇ ಬಿಂದಿಗೆಯನ್ನು ನಮಗೆ ಎರಡು ಸಲ ಮಾರಿದಂತಾಯಿತು.

ದೀಪದ ಲೆಕ್ಕ ಹಾಕೋಣ, ಯಾಕೆಂದರೆ ಅದು ನನ್ನ ಮನೆ ಮುಂದೆಯೇ ಇದೆ. ಅದು 60 ವ್ಯಾಟ್‌ನ ಎಲ್‌ಇಡಿ. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಉರಿದರೆ ದಿನಕ್ಕೆ 0.72 ಯೂನಿಟ್, ವರ್ಷಕ್ಕೆ ಸುಮಾರು 263 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಂಡರೆ 1,840 ರೂಪಾಯಿ. ಅಂದರೆ ನನ್ನೊಬ್ಬನ ಮನೆ ಕಂದಾಯ ಒಂದು ಕಂಬದ ದೀಪಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ತಮ್ಮ ಮಾತು ನಿಜವೇ ಆಯಿತು ಎಂದು ಒಂದು ಕ್ಷಣ ಹೆಮ್ಮೆಪಟ್ಟೆ. ಆಮೇಲೆ ಉಳಿದ ಹನ್ನೆರಡು ಗಂಟೆ ನೆನಪಾಯಿತು. ಹಗಲಿಗೂ ಅಷ್ಟೇ ಯೂನಿಟ್, ಅಷ್ಟೇ ದುಡ್ಡು. ಪಕ್ಕದ ಮನೆಯವರ ಇಡೀ ವರ್ಷದ ಕಂದಾಯ ಸೂರ್ಯನಿಗೆ ದಾರಿ ತೋರಿಸಲು ಖರ್ಚಾಗುತ್ತಿದೆ. ಅವರಿಗೆ ಇನ್ನೂ ಹೇಳಿಲ್ಲ.

ದೀಪ ಯಾಕೆ ಆರುವುದಿಲ್ಲ ಎಂದು ಲೈನ್‌ಮನ್‌ನನ್ನು ಕೇಳಿದೆ. ಬೀದಿದೀಪಕ್ಕೆಂದೇ ಕಂಬದಿಂದ ಕಂಬಕ್ಕೆ ಒಂದು ಪ್ರತ್ಯೇಕ ತಂತಿ ಎಳೆದಿದ್ದರೆ ಒಂದೇ ಸ್ವಿಚ್ಚಿನಲ್ಲಿ ಇಡೀ ಬೀದಿಯ ದೀಪ ಹತ್ತಿಸಬಹುದು, ಆರಿಸಬಹುದು, ಟೈಮರ್ ಹಾಕಿದರೆ ಯಾರೂ ಬರಬೇಕಾಗಿಯೂ ಇಲ್ಲ. ನಮ್ಮ ಬೀದಿಯಲ್ಲಿ ಆ ತಂತಿ ಕೊನೆಯ ನಾಲ್ಕು ಕಂಬಗಳಿಗೆ ಬಂದೇ ಇಲ್ಲ. ಹಾಗಾಗಿ ಮನೆಗಳಿಗೆ ಕರೆಂಟು ಹೋಗುವ ತಂತಿಗೇ ದೀಪವನ್ನು "ಡೈರೆಕ್ಟ್" ಕೊಟ್ಟಿದ್ದಾರೆ. ನಮ್ಮ ಮನೆಗೆ ಕರೆಂಟು ಇರುವಷ್ಟು ಹೊತ್ತು ಅದು ಉರಿಯುತ್ತದೆ, ನಮಗೆ ಕರೆಂಟು ಹೋದಾಗ ತಾನೂ ಹೋಗುತ್ತದೆ. ಕತ್ತಲಲ್ಲಿ ದೀಪ ನಿಜವಾಗಿ ಬೇಕಾಗುವುದು ಆಗಲೇ. ತಂತಿ ಎಳೆಸಿ ಎಂದು ಪುರಸಭೆಗೆ ಹೋದರೆ ಕಂಬ ವಿದ್ಯುತ್ ಕಂಪನಿಯದು ಎನ್ನುತ್ತಾರೆ, ಕಂಪನಿಗೆ ಹೋದರೆ ದೀಪ ಪುರಸಭೆಯದು ಎನ್ನುತ್ತಾರೆ. ಇಬ್ಬರೂ ಸತ್ಯವಂತರು.

ಇಷ್ಟಕ್ಕೂ ಈ ಕರೆಂಟಿನ ಬಿಲ್ಲು ನನ್ನ ಕಂದಾಯದಿಂದ ಹೋಗುವುದೇ ಇಲ್ಲ ಎಂಬುದು ತಮಗೆ ಗೊತ್ತಿರಬೇಕು. ರಾಜ್ಯ ಹಣಕಾಸು ಆಯೋಗದ ಲೆಕ್ಕದಲ್ಲಿ ಸರ್ಕಾರ ಪುರಸಭೆಗಳಿಗೆ ಕೊಡುವ ಅನುದಾನದಲ್ಲಿ ವೇತನಕ್ಕೆ ಒಂದು ಪಾಲು, ವಿದ್ಯುತ್ತಿಗೆ ಒಂದು ಪಾಲು, ಉಳಿದದ್ದು ಮುಕ್ತನಿಧಿ. ಬೀದಿದೀಪದ್ದೂ ನೀರೆತ್ತುವ ಪಂಪುಗಳದ್ದೂ ಬಿಲ್ಲಿಗೆ ಆಧಾರ ಆ ವಿದ್ಯುತ್ತಿನ ಪಾಲು. ಹಗಲು ದೀಪ ಉರಿದರೆ ಪುರಸಭೆಯ ಕಿಸೆಗೆ ಬಿಸಿ ತಾಗುವುದಿಲ್ಲ, ಆದ್ದರಿಂದ ಯಾರಿಗೂ ಅವಸರವಿಲ್ಲ. ಎಳೆಯದೆ ಬಿಟ್ಟ ತಂತಿಯ ಖರ್ಚು ಮಾತ್ರ ಪುರಸಭೆಯ ಸ್ವಂತ ನಿಧಿಯದು. ತಮ್ಮ ಭಾಷಣ ಅಲ್ಲಿಗೆ ಬರಬೇಕಿತ್ತು, ಬರಲಿಲ್ಲ.

ರಸ್ತೆಯ ವಿಷಯವೂ ಹಾಗೆಯೇ. ನಮ್ಮ ಅಡ್ಡರಸ್ತೆ ನೂರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. ಆರಿಂಚು ಕಾಂಕ್ರೀಟ್ ಹಾಕಿದರೆ ಹತ್ತಿರ ಹತ್ತಿರ 60 ಘನ ಮೀಟರ್. ಘನ ಮೀಟರಿಗೆ 6,000 ರೂಪಾಯಿ ಎಂದಿಟ್ಟುಕೊಂಡರೂ 3 ಲಕ್ಷ 60 ಸಾವಿರ. ಈ ರಸ್ತೆಯಲ್ಲಿ ಮೂವತ್ತು ಮನೆ, ಎಲ್ಲರೂ ನನ್ನಷ್ಟೇ ಕಟ್ಟಿದರೆ ವರ್ಷಕ್ಕೆ 60 ಸಾವಿರ. ಆರು ವರ್ಷದ ಕಂದಾಯವನ್ನು ಒಂದು ಪೈಸೆಯೂ ಬೇರೆ ಕಡೆ ಹೋಗದಂತೆ ಕೂಡಿಟ್ಟರೆ ಒಂದು ರಸ್ತೆ. ಆದರೆ ನಮ್ಮ ರಸ್ತೆ ಹಾಗೆ ಆದದ್ದಲ್ಲ, ನಗರೋತ್ಥಾನದ ಅನುದಾನದಲ್ಲಿ ಆದದ್ದು. ಮೂಲೆಯ ಕಲ್ಲಿನ ಮೇಲೆ ಹಾಗೆಂದೇ ಕೆತ್ತಿಸಿದ್ದೀರಿ. ತಮ್ಮ ಹೆಸರು ದಪ್ಪ ಅಕ್ಷರದಲ್ಲಿದೆ, ಅನುದಾನದ ಹೆಸರು ಸಣ್ಣ ಅಕ್ಷರದಲ್ಲಿ, ಕಂದಾಯ ಕಟ್ಟಿದವರದ್ದು ಇಲ್ಲವೇ ಇಲ್ಲ. ಗುದ್ದಲಿ ಪೂಜೆಯ ದಿನ ಕೊಟ್ಟ ಮೈಸೂರುಪಾಕು ಚೆನ್ನಾಗಿತ್ತು ಎಂಬುದನ್ನು ಮರೆಯದೆ ದಾಖಲಿಸುತ್ತೇನೆ.

ಆ ಕಾಂಕ್ರೀಟನ್ನು ಮರುವರ್ಷವೇ ಒಳಚರಂಡಿ ಪೈಪಿಗಾಗಿ ಕೊಯ್ದರು. ಪೈಪಿನ ಮೇಲೆ ಮಣ್ಣು ಸುರಿದು ದಮ್ಮಸು ಹಾಕದೆ ಹೋದರು, ಮಳೆಗೆ ಅದು ಕುಸಿಯಿತು, ಈಗ ಬೀದಿಯುದ್ದಕ್ಕೂ ಒಂದಡಿ ಅಗಲದ ಕಾಲುವೆ. ಅದಕ್ಕೂ ಮೊದಲು ನಾನು ಹೊಸ ನಲ್ಲಿ ಹಾಕಿಸಿಕೊಂಡಾಗ ರಸ್ತೆ ಅಗೆತದ ಶುಲ್ಕ ಎಂದು ನನ್ನಿಂದ ಕಟ್ಟಿಸಿಕೊಂಡಿದ್ದರು. ಅಗೆದದ್ದನ್ನು ಮತ್ತೆ ಮುಚ್ಚುವುದಕ್ಕೆ ಆ ದುಡ್ಡು ಎಂದು ರಸೀದಿ ಕೊಟ್ಟ ಗುಮಾಸ್ತರು ತಿಳಿಸಿದರು. ಅಗೆದದ್ದು ಖರೆ.

ಹಾಗಾದರೆ ಕಂದಾಯ ಹೋಗುವುದಾದರೂ ಎಲ್ಲಿಗೆ? ಇದನ್ನು ತಾವು ಹೇಳಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ, ಯಾಕೆಂದರೆ ಉತ್ತರದಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಸುಟ್ಟ ಪಂಪ್ ಮೋಟಾರಿನ ವೈಂಡಿಂಗ್, ನೀರು ತಿಳಿಯಾಗಿಸುವ ಆಲಂ, ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿ, ನೀರು ಬಿಡುವ ವಾಲ್ವ್‌ಮನ್‌ನ ಕೂಲಿ, ಕಸದ ಗಾಡಿಯ ಡೀಸೆಲ್, ಕೆಟ್ಟ ಬಲ್ಬಿನ ಬದಲು ಹೊಸ ಬಲ್ಬು. ಅನುದಾನ ಕಂಬ ನೆಡುತ್ತದೆ, ಬಲ್ಬು ಬದಲಿಸುವುದಿಲ್ಲ. ಅದು ಪೈಪು ಹೂಳುತ್ತದೆ, ಸೋರಿದ ಜಾಯಿಂಟಿನ ಕಡೆ ತಿರುಗಿ ನೋಡುವುದಿಲ್ಲ. ನಮ್ಮ ಬೀದಿ ತಿರುವಿನ ವಾಲ್ವ್ ಗುಂಡಿಯನ್ನು ತಾವು ನೋಡಿದ್ದೀರೋ ಇಲ್ಲವೋ. ವಾಷರ್ ಸವೆದಿದೆ, ವಾಲ್ವ್‌ಮನ್ ಸೈಕಲ್ ಟ್ಯೂಬಿನ ತುಂಡನ್ನು ಬಿಗಿಯಾಗಿ ಸುತ್ತಿ ಕಟ್ಟಿದ್ದಾನೆ. ನೀರು ಬಿಟ್ಟ ಹೊತ್ತಿನಲ್ಲಿ ಅಲ್ಲಿಂದ ಕೈಯಗಲದ ಚಿಲುಮೆ ಏಳುತ್ತದೆ, ನೀರು ನಿಂತ ಮೇಲೆ ಗುಂಡಿಯ ಕೆಸರು ಅದೇ ಸಂದಿಯಿಂದ ಪೈಪಿನೊಳಗೆ ಇಳಿಯುತ್ತದೆ. ಮಾರನೆಯ ಸಲ ನೀರು ಬಂದಾಗ ಮೊದಲ ಎರಡು ಬಿಂದಿಗೆ ಮಣ್ಣಿನ ವಾಸನೆ ಬಂದರೆ ಕಾರಣ ಅದು. ಒಂದು ವಾಷರಿಗೆ ಅನುದಾನ ಬರುವುದಿಲ್ಲ, ಶಂಕುಸ್ಥಾಪನೆಯೂ ನಡೆಯುವುದಿಲ್ಲ. ಅದು ನಮ್ಮ ಕಂದಾಯದಿಂದಲೇ ಬರಬೇಕು.

ತಮ್ಮ ಭಾಷಣದಲ್ಲಿ ಇಲ್ಲದ ಇನ್ನೊಂದು ಮಾತು ಇದೆ, ಅದು ಸಭೆಯಲ್ಲಿ ಹೇಳಲು ಸ್ವಲ್ಪ ಮುಜುಗರದ್ದು. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ನಗರ ಸಂಸ್ಥೆಗಳ ಅನುದಾನಕ್ಕೆ ಒಂದು ಷರತ್ತು ಹಾಕಿತ್ತು. ರಾಜ್ಯ ಮೊದಲು ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಮಾಡಬೇಕು, ಆಮೇಲೆ ವರ್ಷ ವರ್ಷವೂ ವಸೂಲಿ ಏರಬೇಕು, ಅದೂ ರಾಜ್ಯದ ಒಟ್ಟು ಉತ್ಪನ್ನ ಬೆಳೆಯುವ ವೇಗಕ್ಕೆ ಸರಿಯಾಗಿ. ನಮ್ಮಂಥ ಊರುಗಳಿಗೆ ಬರುವ ಆ ಹಣದಲ್ಲೂ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕಿತ್ತು. ಅಂದರೆ ನನ್ನ 2,000 ರೂಪಾಯಿ ನೇರವಾಗಿ ನೀರಾಗದಿದ್ದರೂ, ಅದು ವಸೂಲಾಗದಿದ್ದರೆ ನೀರಿನ ದುಡ್ಡು ದೆಹಲಿಯಲ್ಲೇ ಉಳಿಯುವ ಏರ್ಪಾಡು. ಆ ವರ್ಷಗಳಲ್ಲಿ ಏಪ್ರಿಲ್ ಬಂತೆಂದರೆ ಪುರಸಭೆಯ ಆಟೊಗೆ ಯಾಕೆ ಅಷ್ಟು ಗಂಟಲು ಬರುತ್ತಿತ್ತು ಎಂಬುದು ಈಗ ಅರ್ಥವಾಗುತ್ತಿದೆ.

ಕಟ್ಟದವರ ಬಗ್ಗೆ ತಾವು ಗರಂ ಆದಿರಿ. "ಕೆಲವರು ಬಾಕಿ ಉಳಿಸಿಕೊಂಡು ಸವಲತ್ತು ಕೇಳುತ್ತಾರೆ" ಎಂದಾಗ ಬೆರಳು ನಮ್ಮ ಮೂಲೆಯ ಇಡ್ಲಿ ಹೋಟೆಲಿನ ಅಜ್ಜಿಯ ಕಡೆಗಿತ್ತು. ಅಜ್ಜಿ ಏಪ್ರಿಲ್‌ನಲ್ಲೇ ಶೇ. 5ರ ರಿಯಾಯಿತಿ ಬಿಡದೆ ಕಟ್ಟಿ ರಸೀದಿಯನ್ನು ದೇವರ ಫೋಟೊದ ಹಿಂದೆ ಸಿಕ್ಕಿಸಿಟ್ಟಿದ್ದಾರೆ. ಜೂನ್ ದಾಟಿದರೆ ತಿಂಗಳಿಗೆ ಶೇ. 2ರಂತೆ ದಂಡ ಬೀಳುತ್ತದೆ ಎಂಬುದು ಅವರಿಗೆ ಬಾಯಿಪಾಠ. ಬಾಕಿಯೆಂದರೆ ಕಟ್ಟದೆ ಉಳಿದದ್ದೊಂದೇ ಅಲ್ಲವಲ್ಲ, ಸದಸ್ಯರೇ. ನಮ್ಮದು ಸ್ವಯಂ ಘೋಷಣೆಯ ಪದ್ಧತಿ. ಕಟ್ಟಡ ಎಷ್ಟು ಚದರಡಿ, ವಾಸಕ್ಕೋ ವ್ಯಾಪಾರಕ್ಕೋ ಎಂದು ಮಾಲೀಕರೇ ನಮೂನೆಯಲ್ಲಿ ಬರೆದುಕೊಡುತ್ತಾರೆ, ವ್ಯಾಪಾರದ ದರ ವಾಸದ ದರಕ್ಕಿಂತ ಹೆಚ್ಚು. ಹೋಗಿ ಅಳೆಯುವವರು ಇಲ್ಲದಿದ್ದರೆ ಬರೆದದ್ದೇ ಅಳತೆ. ಇದು ಸಣ್ಣ ಊರಿನ ಚಾಳಿ ಎಂದುಕೊಳ್ಳಬೇಡಿ. ಕೇಂದ್ರ ಸರ್ಕಾರದ 2016-17ರ ಆರ್ಥಿಕ ಸಮೀಕ್ಷೆ ಉಪಗ್ರಹದ ಚಿತ್ರ ಇಟ್ಟುಕೊಂಡು ನೋಡಿ, ಬೆಂಗಳೂರು ಮತ್ತು ಜೈಪುರ ತಮಗೆ ಬರಬಹುದಾದ ಆಸ್ತಿ ತೆರಿಗೆಯಲ್ಲಿ ಶೇ. 5ರಿಂದ 20ರಷ್ಟನ್ನು ಮಾತ್ರ ಪಡೆಯುತ್ತಿವೆ ಎಂದಿತ್ತು.

ಅದಕ್ಕೇ ಒಂದು ಕೋರಿಕೆ. ಮುಂದಿನ ಸಾಮಾನ್ಯ ಸಭೆಯಲ್ಲಿ ನಮ್ಮ ವಾರ್ಡಿನ ಬೇಡಿಕೆ, ವಸೂಲಿ, ಬಾಕಿ ವಹಿಯನ್ನು ತರಿಸಿ ಓದಿಸಿ. ಕಂದಾಯದ ಹಣದಲ್ಲಿ ಈ ವರ್ಷ ಎಷ್ಟು ವಾಷರು, ಎಷ್ಟು ಬಲ್ಬು, ಎಷ್ಟು ಮೀಟರ್ ತಂತಿ ಕೊಂಡಿರಿ ಎಂಬುದನ್ನೂ ಹೇಳಿಸಿ. ಓದುವಾಗ ಬಸ್ ನಿಲ್ದಾಣದ ಎದುರಿನ ಮೂರು ಅಂತಸ್ತಿನ ಕಟ್ಟಡದ ಸಾಲಿನ ಮೇಲೆ ಸ್ವಲ್ಪ ಹೊತ್ತು ಬೆರಳಿಡಿ. ಕೆಳಗೆ ಮೊಬೈಲ್ ಅಂಗಡಿ, ಮೇಲೆ ಬಟ್ಟೆ ಅಂಗಡಿ, ಅದರ ಮೇಲೆ ಲಾಡ್ಜು. ವಹಿಯಲ್ಲಿ ಅದು ಒಂದಂತಸ್ತಿನ ವಾಸದ ಮನೆ. ಅದರ ಮಾಲೀಕರು ಯಾರೆಂದು ತಾವು ಯಾರನ್ನೂ ಕೇಳಬೇಕಾಗಿಲ್ಲ, ಅವರು ತಮ್ಮ ಸ್ವಂತ ಭಾವಮೈದುನ.

ಇತಿ,
ತಮ್ಮ ವಾರ್ಡಿನ ಒಬ್ಬ ಕಂದಾಯದಾರ