ಮೂವತ್ತಾರರ ಹಿಂದಿನ ರಾತ್ರಿ

ಜಾತಕ ಕೂಡಿತೋ ಇಲ್ಲವೋ ಎಂದು ತಿಳಿಯುವ ಹಿಂದಿನ ರಾತ್ರಿ ಮದುವೆ ಹುಡುಗಿ ಬರೆಯುವ ದಿನಚರಿ, ದಿನಚರಿಗಳಲ್ಲೇ ಬೇರೆ ಜಾತಿಯದು. ಅದರಲ್ಲಿ ಇವತ್ತು ನಡೆದದ್ದಕ್ಕಿಂತ ನಾಳೆ ನಡೆಯಬಹುದಾದದ್ದೇ ಹೆಚ್ಚು. ಪುಟದ ಎಡಕ್ಕೆ ಮಾತು, ಬಲಕ್ಕೆ ಕೂಡುವ ಲೆಕ್ಕ. ಬರೆಯುವುದು ಯಾವುದೋ ಬ್ಯಾಂಕು ಕೊಟ್ಟ ಹಳೆಯ ಡೈರಿಯಲ್ಲಿ. ಪಕ್ಕದಲ್ಲಿ ಗೋಡೆಯ ಮೊಳೆಯಿಂದ ಸದ್ದಿಲ್ಲದೆ ಇಳಿಸಿಕೊಂಡ ಪಂಚಾಂಗ ಇರುತ್ತದೆ.

ಹಾಸನ ಸೀಮೆಯಲ್ಲಿ ಇಂಥ ಪುಟ ಹೇಗೆ ಬೆಳೆಯುತ್ತದೆ ಎಂದು ತಿಳಿಯಲು ಒಂದು ಮಾದರಿ ಸಾಕು. ಹುಡುಗಿ ಹೊಳೆನರಸೀಪುರದವಳು, ಹುಡುಗ ಚನ್ನರಾಯಪಟ್ಟಣದವನು ಎಂದಿಟ್ಟುಕೊಳ್ಳೋಣ. ಸಂಬಂಧ ತಂದವರು ಅರಕಲಗೂಡಿನ ಸೋದರತ್ತೆ. ಎರಡೂ ಜಾತಕ ಹಾಸನದ ಜೋಯಿಸರ ಮುಂದಿವೆ. ಮಂಗಳವಾರ ಒಳ್ಳೆಯ ಮಾತು ಆಡಬಾರದೆಂದು ಅವರು ಬುಧವಾರ ಬರಹೇಳಿದ್ದಾರೆ. ಬುಧವಾರ ಹನ್ನೆರಡರಿಂದ ಒಂದೂವರೆಯವರೆಗೆ ರಾಹುಕಾಲವಾದ್ದರಿಂದ ಅದಕ್ಕೆ ಮೊದಲೇ ಫೋನು ಬರಬೇಕು. ಹೀಗಾಗಿ ಮಂಗಳವಾರದ ರಾತ್ರಿ ಪೂರ್ತಿ ಹುಡುಗಿಯ ಪಾಲಿಗೆ ಬಿಟ್ಟದ್ದು.

ದಿನಚರಿಯ ಮೊದಲ ಭಾಗ ಯಾವಾಗಲೂ ಹುಟ್ಟಿದ ಹೊತ್ತಿನದು. ನಮ್ಮ ಹುಡುಗಿಯದು ಆಶ್ಲೇಷಾ ನಕ್ಷತ್ರ, ಕರ್ಕಾಟಕ ರಾಶಿ. ಮೂಲೆ ಮಾವನಿಗಾಗದು, ಆಶ್ಲೇಷೆ ಅತ್ತೆಗಾಗದು, ಜ್ಯೇಷ್ಠೆ ಭಾವನಿಗಾಗದು, ವಿಶಾಖೆ ಮೈದುನನಿಗಾಗದು ಎಂಬ ಮಾತು ಈ ಕಡೆಯ ಯಾವ ಜಗುಲಿಯಲ್ಲೂ ಕೇಳಸಿಗುತ್ತದೆ. ಮಾತಿನ ಉಳಿದರ್ಧ ಮಾತ್ರ ಜಗುಲಿಗೆ ಬರುವುದಿಲ್ಲ. ಮುಹೂರ್ತ ಶಾಸ್ತ್ರದ ಪ್ರಕಾರ ಆಶ್ಲೇಷೆಯ ಮೊದಲನೆಯ ಪಾದಕ್ಕೂ ಮೂಲೆಯ ಕೊನೆಯ ಪಾದಕ್ಕೂ ಈ ದೋಷ ಇಲ್ಲ. ವಿಶಾಖೆಯ ಮೊದಲ ಮೂರು ಪಾದಕ್ಕೂ ಇಲ್ಲ. ಚಂದ್ರ ಒಂದು ನಕ್ಷತ್ರವನ್ನು ದಾಟಲು ಹೆಚ್ಚುಕಡಿಮೆ ಒಂದು ದಿನ ಬೇಕು, ಪಾದಕ್ಕೆ ಸುಮಾರು ಆರು ಗಂಟೆ. ಆದ್ದರಿಂದ ಹುಡುಗಿ ಮೊದಲನೆಯ ಪಾದದಲ್ಲಿ ಹುಟ್ಟಿದಳೋ ಎರಡನೆಯದರಲ್ಲೋ ಎಂಬುದೇ ಚನ್ನರಾಯಪಟ್ಟಣದ ಅತ್ತೆಯವರ ಆಯುಸ್ಸಿನ ಪ್ರಶ್ನೆ.

ಅವಳು ಹುಟ್ಟಿದ ಸಂಜೆ ಮೊದಲನೆಯ ಪಾದ ಮುಗಿದದ್ದು ಆರೂಹತ್ತಕ್ಕೆ. ಆಸ್ಪತ್ರೆಯ ಚೀಟಿ ಆರೂಇಪ್ಪತ್ತು ಎನ್ನುತ್ತದೆ. "ಹಾಲು ಕರೆಯೋ ಹೊತ್ತು ಕಣೆ," ಎನ್ನುತ್ತಾಳೆ ತಾಯಿ. "ಇನ್ನೂ ದೀಪ ಹಚ್ಚಿರಲಿಲ್ಲ," ಎನ್ನುತ್ತದೆ ಅಜ್ಜಿ. ಚೀಟಿ ಬರೆದ ನರ್ಸಮ್ಮ ಮಗುವನ್ನು ಒರೆಸಿ, ತೂಕ ನೋಡಿ, ಕೈ ತೊಳೆದು, ಆಮೇಲೆ ತಾನೇ ಗಡಿಯಾರ ನೋಡಿರಬೇಕು ಎಂಬುದು ಹುಡುಗಿಯ ವಾದ. ಇದನ್ನು ಅವಳು ಡೈರಿಯಲ್ಲಿ ವಕೀಲರಂತೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಬರೆದಿದ್ದಾಳೆ. ಇದು ಸಾಲದೆಂದು, ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ನಕ್ಷತ್ರ ಮುಗಿಯುವ ವೇಳೆಯಲ್ಲೇ ವ್ಯತ್ಯಾಸ ಇರುತ್ತದೆ. ಹತ್ತು ನಿಮಿಷಕ್ಕೆ ಮನೆಮಂದಿ ಜಗಳವಾಡುವಾಗ ಪಂಚಾಂಗಗಳು ಇನ್ನೂ ದೊಡ್ಡ ಮೊತ್ತಕ್ಕೆ ಜಗಳವಾಡುತ್ತಿರುತ್ತವೆ.

ಅತ್ತೆ ಇಲ್ಲದ ಮನೆಯಾದರೆ ಆಶ್ಲೇಷೆಗೆ ಅಡ್ಡಿಯಿಲ್ಲ ಎಂಬುದು ಒಪ್ಪಿತ ಪದ್ಧತಿ. ಅದಕ್ಕೇ ಈ ನಕ್ಷತ್ರದ ಹುಡುಗಿಯ ಮನೆಯವರು ಸಂಬಂಧ ನೋಡುವಾಗ ಹುಡುಗನ ಸಂಬಳಕ್ಕಿಂತ ಮೊದಲು ಅವನ ತಾಯಿಯ ಆರೋಗ್ಯ ವಿಚಾರಿಸುತ್ತಾರೆ. ಈ ಹುಡುಗನ ತಾಯಿ ಗಟ್ಟಿಮುಟ್ಟಾಗಿದ್ದಾರೆ. ಹುಡುಗಿ ನೋಡಲು ಬಂದ ದಿನ ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡರು ಎಂದು ಡೈರಿಯಲ್ಲಿ ದಾಖಲಾಗಿದೆ. ಅತ್ತೆ ಸೊಸೆಯರ ವಿಷಯದಲ್ಲಿ ಹಾಸನಕ್ಕೆ ತನ್ನದೇ ಹಳೆಯ ದಾಖಲೆಯೂ ಇದೆ. ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿಯಲ್ಲಿ ಒಂದು ಸೊಸೆಕಲ್ಲು ಇದೆ. ಅತ್ತೆಯ ಪೆಟ್ಟು ತಿಂದು ದೇವಿಯನ್ನು ಕೂಗಿ ಕಲ್ಲಾದ ಸೊಸೆ ಅದು, ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ ಎಂಬುದು ನಂಬಿಕೆ. ಅತ್ತೆಗೆ ಸೊಸೆಯಿಂದ ಕೇಡು ಎಂದು ಜಾತಕ ಹೇಳಿದರೆ, ಸೊಸೆಗೆ ಅತ್ತೆಯಿಂದ ಆದದ್ದನ್ನು ಕಲ್ಲು ಹೇಳುತ್ತದೆ. ಡೈರಿಯಲ್ಲಿ ಇದರ ಬಗ್ಗೆ ಇರುವುದು ಒಂದೇ ಸಾಲು: "ಅವರ ನಕ್ಷತ್ರ ನಮಗೆ ಆಗುತ್ತಾ ಅಂತ ಯಾರೂ ಯಾಕೆ ನೋಡಲ್ಲ?"

ಎರಡನೆಯ ಭಾಗ ಗಣಿತ. ಕೂಟಗಳು ಎಂಟು. ವರ್ಣಕ್ಕೆ 1 ಅಂಕ, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಕೂಟಕ್ಕೆ 7, ನಾಡಿಗೆ 8, ಒಟ್ಟು 36. ಅದರಲ್ಲಿ 18 ಬಂದರೆ ಪಾಸು. ಇಷ್ಟನ್ನೂ ನೋಡುವುದು ಇಬ್ಬರ ಚಂದ್ರನಿರುವ ನಕ್ಷತ್ರ, ರಾಶಿಗಳಿಂದಲೇ.

ಹುಡುಗನದು ಹುಬ್ಬಾ ನಕ್ಷತ್ರ, ಸಿಂಹ ರಾಶಿ. ಹುಡುಗಿಯ ತಂದೆಗೆ ಇವು ಗೊತ್ತಿರುವುದು ಮಳೆಗಳಾಗಿ ಮಾತ್ರ. ಆಗಸ್ಟಿನಲ್ಲಿ ಆಶ್ಲೇಷೆ, ಅದು ಮುಗಿದರೆ ಮಘೆ, ಆಮೇಲೆ ಹುಬ್ಬೆ. "ನಡುವೆ ಒಂದೇ ಮಳೆ, ಹತ್ತಿರದ ಸಂಬಂಧವೇ ಆಯ್ತಲ್ಲ," ಎಂದು ಅವರು ಸಮಾಧಾನ ಹೇಳಿ ಮಲಗಿದ್ದಾರೆ. ಆಲೂಗೆಡ್ಡೆಗೆ ಯಾವ ಮಳೆ ಹಿತ ಎಂಬುದು ಅವರಿಗೆ ಗೊತ್ತು, ಮಗಳಿಗೆ ಯಾವುದು ಎಂಬುದು ಪಂಚಾಂಗದ ಪಾಲು.

ಪಂಚಾಂಗ ಅಷ್ಟು ಉದಾರಿಯಲ್ಲ. ವರ್ಣದಲ್ಲಿ ಕರ್ಕಾಟಕ ಬ್ರಾಹ್ಮಣ, ಸಿಂಹ ಕ್ಷತ್ರಿಯ. ಹುಡುಗಿಯದು ಮೇಲಾಗಬಾರದು, ಆದ್ದರಿಂದ ಸೊನ್ನೆ. ವಶ್ಯದಲ್ಲಿ ಒಂದು ಕೋಷ್ಟಕ ಇನ್ನೊಂದನ್ನು ಒಪ್ಪುವುದಿಲ್ಲ, ಹುಡುಗಿ ಮನಸ್ಸು ಗಟ್ಟಿಮಾಡಿ ಸೊನ್ನೆಯೆಂದೇ ಹಿಡಿದಿದ್ದಾಳೆ. ತಾರೆಯಲ್ಲಿ ಅವಳಿಂದ ಅವನಿಗೆ ಎಣಿಸಿದರೆ ಮೂರನೆಯದು, ವಿಪತ್ತಾರೆ. ಅವನಿಂದ ಅವಳಿಗೆ ಎಣಿಸಿದರೆ ಒಳ್ಳೆಯದು. ಅರ್ಧ ಫಲವಾಗಿ ಒಂದೂವರೆ. ಯೋನಿಯಲ್ಲಿ ಅವಳು ಬೆಕ್ಕು, ಅವನು ಇಲಿ. ಬದ್ಧವೈರ, ಸೊನ್ನೆ. ಇಲ್ಲಿ ಡೈರಿಯ ಅಂಚಿನಲ್ಲಿ ಮೀಸೆಯಿರುವ ಒಂದು ಬೆಕ್ಕಿನ ಚಿತ್ರ ಇದೆ. ಮುಖದಲ್ಲಿ ಬೇಸರವೇನೂ ಕಾಣುವುದಿಲ್ಲ. ಗ್ರಹಮೈತ್ರಿಯಲ್ಲಿ ಚಂದ್ರನೂ ಸೂರ್ಯನೂ ಮಿತ್ರರು, ಪೂರ್ತಿ ಐದು. ಗಣದಲ್ಲಿ ಅವನು ಮನುಷ್ಯ, ಅವಳು ರಾಕ್ಷಸ, ಮತ್ತೆ ಸೊನ್ನೆ. ರಾಕ್ಷಸಗಣ ಎಂದರೆ ಹಟ ಜಾಸ್ತಿ ಅಂತ ಅಷ್ಟೇ, ಎಂದು ತಾಯಿ ವ್ಯಾಖ್ಯಾನ ಕೊಟ್ಟಿದ್ದಾಳೆ. ತಾಯಿಯದೂ ಅದೇ ಗಣ. ಕರ್ಕಾಟಕದ ಪಕ್ಕದ ಮನೆಯೇ ಸಿಂಹವಾದ್ದರಿಂದ ರಾಶಿಕೂಟದಲ್ಲಿ ದ್ವಿದ್ವಾದಶ ದೋಷ, ಏಳಕ್ಕೆ ಏಳೂ ಹೋಯಿತು. ಕೊನೆಗೆ ನಾಡಿ: ಅವಳದು ಅಂತ್ಯ, ಅವನದು ಮಧ್ಯ, ಬೇರೆಬೇರೆ, ಪೂರ್ತಿ ಎಂಟು. ಕೂಡಿದರೆ ಹದಿನಾಲ್ಕೂವರೆ. ಹುಡುಗಿ ಅದನ್ನು ಮೂರು ಸಲ ಕೂಡಿದ್ದಾಳೆ, ಕೆಳಗಿನಿಂದ ಮೇಲಕ್ಕೂ ಕೂಡಿದ್ದಾಳೆ.

ಮೂರನೆಯ ಭಾಗ ಪರಿಹಾರಗಳದ್ದು. ಶಾಸ್ತ್ರದ ನಿಜವಾದ ಜೀವ ಇಲ್ಲಿದೆ. ಎರಡು ರಾಶಿಗಳ ಅಧಿಪತಿಗಳು ಮಿತ್ರರಾಗಿದ್ದರೆ ರಾಶಿಕೂಟದ ದೋಷ ಇಲ್ಲ ಎಂಬ ಅಪವಾದ ಇದೆ. ಇಲ್ಲಿ ಮಿತ್ರರೇ. ಹೋದ ಏಳು ಅಂಕ ವಾಪಸು ಬಂದರೆ ಹದಿನಾಲ್ಕೂವರೆ ಇಪ್ಪತ್ತೊಂದೂವರೆಯಾಗುತ್ತದೆ. ಫೇಲಾದವಳು ಒಂದೇ ಸಾಲಿನಲ್ಲಿ ಪಾಸು. ಅಪವಾದವನ್ನು ಎಲ್ಲ ಜೋಯಿಸರೂ ಬಲ್ಲರು, ಎಲ್ಲರೂ ಹೇಳುವುದಿಲ್ಲ. ಹುಡುಗನ ಕಡೆಯವರಿಗೆ ಬೇರೆ ಕಡೆ ಮನಸ್ಸಿದ್ದರೆ ಹದಿನಾಲ್ಕೂವರೆ ಸಾಕು. ಈ ಸಂಬಂಧವೇ ಬೇಕೆಂದಿದ್ದರೆ ಪರಿಹಾರ ತಾನಾಗಿ ನೆನಪಾಗುತ್ತದೆ. ಬೇಡವಾದ ಸಂಬಂಧವನ್ನು ಮುಖ ಮುರಿಯದೆ ಬಿಡಿಸಿಕೊಳ್ಳಲು "ಜಾತಕ ಕೂಡಲಿಲ್ಲ" ಎಂಬುದಕ್ಕಿಂತ ಸಭ್ಯವಾದ ಮಾತು ಇನ್ನೂ ಹುಟ್ಟಿಲ್ಲ. ಅದಕ್ಕೆ ಯಾರೂ ಕಾರಣ ಕೇಳುವಂತಿಲ್ಲ, ಯಾರೂ ಬೇಸರಪಡುವಂತಿಲ್ಲ, ಎರಡೂ ಮನೆಯವರು ಮುಂದಿನ ವಾರ ಇನ್ನೊಂದು ಮದುವೆಯ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂರಬಹುದು.

ನಾಲ್ಕನೆಯ ಭಾಗ ಅರಕಲಗೂಡಿನ ಸೋದರತ್ತೆಯದು. ರಾತ್ರಿ ಒಂಬತ್ತಕ್ಕೆ ಫೋನು ಮಾಡಿ, "ಜಾತಕ ಬರದಿದ್ರೆ ಹೋಗ್ಲಿ ಬಿಡಮ್ಮ, ಹೆಸರುಬಲ ನೋಡ್ಸಣ," ಎಂದಿದ್ದಾರೆ. ಜಾತಕ ಬರೆಸದ ಒಕ್ಕಲು ಮನೆಗಳಲ್ಲಿ ಇದೇ ಹಿಂದಿನಿಂದ ಬಂದ ರೂಢಿ. ಹೆಸರಿನ ಮೊದಲಕ್ಷರದಿಂದ ನಕ್ಷತ್ರ ಹಿಡಿಯುತ್ತಾರೆ. ಆಶ್ಲೇಷೆಗೆ ಬರುವ ಅಕ್ಷರಗಳು ಡಿ, ಡು, ಡೆ, ಡೊ. ಈ ಅಕ್ಷರಗಳಿಂದ ಹೆಣ್ಣುಮಗುವಿಗೆ ಹೆಸರು ಹುಡುಕಿ ಸೋತ ತಂದೆತಾಯಿ, ಶಾಲೆಗೆ 'ಮ'ದಿಂದ ಶುರುವಾಗುವ ಹೆಸರು ಬರೆಸಿದ್ದರು. 'ಮ' ಎಂದರೆ ಮಘೆ. ಹುಡುಗನ ಹೆಸರು 'ಮೊ'ದಿಂದ, ಅದು ಹುಬ್ಬೆಯದೇ. ಒಬ್ಬರದು ಜನ್ಮನಕ್ಷತ್ರ, ಇನ್ನೊಬ್ಬರದು ನಾಮನಕ್ಷತ್ರ ಎಂದು ಕಲಸಬಾರದೆಂಬ ನಿಯಮವೂ ಇಲ್ಲಿ ಮುರಿಯುವುದಿಲ್ಲ, ಇಬ್ಬರದೂ ಹೆಸರೇ.

ಹುಡುಗಿ ಮತ್ತೆ ಲೆಕ್ಕಕ್ಕೆ ಕೂರುತ್ತಾಳೆ. ಮಘೆಯದೂ ಹುಬ್ಬೆಯದೂ ಸಿಂಹ ರಾಶಿ. ವರ್ಣ 1, ವಶ್ಯ 2, ಗ್ರಹಮೈತ್ರಿ 5, ರಾಶಿಕೂಟ 7. ತಾರೆ ಎರಡು ಕಡೆಯಿಂದಲೂ ಒಳ್ಳೆಯದು, 3. ಬೆಕ್ಕಾಗಿದ್ದವಳು ಈಗ ತಾನೂ ಇಲಿ, ಯೋನಿ 4. ನಾಡಿ ಬೇರೆಬೇರೆ, 8. ರಾಕ್ಷಸಗಣ ಮಾತ್ರ ಮಘೆಗೂ ಬಿಟ್ಟಿಲ್ಲವಾದ್ದರಿಂದ ಗಣ ಸೊನ್ನೆ. ಒಟ್ಟು 30. ಹುಡುಗ ಅವನೇ, ಹುಡುಗಿ ಅವಳೇ, ಮನೆ ಎರಡೂ ಅವೇ. ಹುಟ್ಟಿನಿಂದ ಹದಿನಾಲ್ಕೂವರೆ, ಪರಿಹಾರದಿಂದ ಇಪ್ಪತ್ತೊಂದೂವರೆ, ಸ್ಕೂಲಿನ ರಿಜಿಸ್ಟರಿನಿಂದ ಮೂವತ್ತು. ಅದೂ ಕೂಡಿಬರದಿದ್ದರೆ ದೇವರ ಮುಂದೆ ಹೂಪ್ರಸಾದ ಕೇಳುವುದು ಎಂದು ಅಜ್ಜಿ ಮನಸ್ಸಿನಲ್ಲೇ ತೀರ್ಮಾನಿಸಿದೆ. ಬಲಗಡೆಯಿಂದ ಹೂ ಬಿದ್ದರೆ ಮೂವತ್ತಾರರ ಗೊಡವೆಯೇ ಇಲ್ಲ.

ದಿನಚರಿಯ ಕೊನೆಯ ಭಾಗ ಚಿಕ್ಕದು. ಹುಡುಗಿ ನೋಡಿದ ದಿನ ಹುಡುಗ ಕಾಫಿಗೆ ಸಕ್ಕರೆ ಕಡಿಮೆಯಿದೆ ಎಂದು ಹೇಳದೆ ಕುಡಿದದ್ದು, ಹೊರಡುವಾಗ ಚಪ್ಪಲಿ ಹುಡುಕುತ್ತಿದ್ದ ಅಜ್ಜಿಗೆ ಬಗ್ಗಿ ಎತ್ತಿಕೊಟ್ಟದ್ದು, ಇಷ್ಟನ್ನೇ ಬರೆದು ಅವಳು ಡೈರಿ ಮುಚ್ಚುತ್ತಾಳೆ. ಇದಕ್ಕೆ ಎಷ್ಟು ಅಂಕ ಎಂದು ಯಾವ ಕೋಷ್ಟಕದಲ್ಲೂ ಇಲ್ಲ.

1955ರ ಹಿಂದೂ ವಿವಾಹ ಕಾಯಿದೆಯಲ್ಲೂ ಮದುವೆಗೆ ಷರತ್ತುಗಳಿವೆ. ಅವುಗಳಲ್ಲಿ ನಾಡಿಯಿಲ್ಲ, ಗಣವಿಲ್ಲ, ಬೆಕ್ಕು ಇಲಿಗಳಿಲ್ಲ. ಆದರೆ ಅಲ್ಲೂ ಒಂದು 18 ಇದೆ. ಅದು ಹುಡುಗಿಯ ವಯಸ್ಸು. ಆ ಹದಿನೆಂಟಕ್ಕೆ ಮಾತ್ರ ಪರಿಹಾರವೂ ಇಲ್ಲ, ಹೆಸರುಬಲವೂ ನಡೆಯುವುದಿಲ್ಲ.