ಮಾಲು ಇಟ್ಟಿದ್ದೀನಿ, ನೋಡು

ಬೆಳಿಗ್ಗೆ ಐದು ಗಂಟೆಗೆ ಫೋನು ಟಿಣ್ ಅಂದರೆ ಅದು ನಮ್ಮ ಭಾವನೇ. ವಾಟ್ಸಾಪಿನಲ್ಲಿ ಮೂರು ಫೋಟೊ ಬಂದಿರುತ್ತವೆ. ಒಂದರಲ್ಲಿ ಅವರ ಹೆಬ್ಬೆರಳು, ಅದರ ಹಿಂದೆ ಅರ್ಧ ಲ್ಯಾಬ್ ರಿಪೋರ್ಟು. ಇನ್ನೊಂದು ತಲೆಕೆಳಗು. ಮೂರನೆಯದರಲ್ಲಿ ಹೆಸರು, ವಯಸ್ಸು ಇರುವ ಭಾಗವೇ ಕತ್ತರಿಸಿಹೋಗಿದೆ. ಕೆಳಗೆ ಒಂದು ಅಕ್ಷರವಿಲ್ಲ. ಇದು ಯಾರದು, ಏನಾಗಿದೆ, ನಾನೇನು ಹೇಳಬೇಕು, ಯಾವುದೂ ಇಲ್ಲ. ನಾನು ಓದಿದ್ದೇನೆ ಎಂಬ ಎರಡು ನೀಲಿ ಗೆರೆ ಬಿದ್ದ ಮೇಲೂ ಮೌನ.

ನಮ್ಮ ಸೀಮೆಯಲ್ಲಿ ಇಂಥವರು ಮನೆಗೊಬ್ಬರು ಸಿಗುತ್ತಾರೆ. ತುರುವೇಕೆರೆಯಲ್ಲಿ ನನ್ನ ಗೆಳೆಯನಿಗೆ ಅವನ ದೊಡ್ಡಪ್ಪ, ಚಿಕ್ಕನಾಯಕನಹಳ್ಳಿಯಲ್ಲಿ ಇನ್ನೊಬ್ಬನಿಗೆ ಸ್ವಂತ ಮಾವ. ಇದರ ಮೂಲ ತಿಪಟೂರಿನ ಎಪಿಎಂಸಿ ಯಾರ್ಡಿನಲ್ಲಿದೆ ಎಂದು ನನ್ನ ಗುಮಾನಿ. ಅಲ್ಲಿ ಕೊಬ್ಬರಿ ತಂದ ರೈತ ತನ್ನ ಬಾಯಿಂದ ರೇಟು ಹೇಳುವುದಿಲ್ಲ. ಮಾಲು ಇಡುತ್ತಾನೆ, ವರ್ತಕರು ನೋಡಿ ಟೆಂಡರ್ ಹಾಕುತ್ತಾರೆ. ಮೊದಲು ಬಾಯಿ ಬಿಟ್ಟವನು ಸೋತ. ಭಾವ ರಕ್ತವನ್ನೂ ಹಾಗೇ ಇಟ್ಟಿದ್ದಾರೆ. ರೇಟು ನಾನು ಹೇಳಬೇಕು.

ನಾನು ಡಾಕ್ಟರಲ್ಲ. ಮೂವತ್ತು ವರ್ಷ ಲ್ಯಾಬಿನಲ್ಲಿ ರಕ್ತ ತೆಗೆದು, ಗಾಜಿನ ಮೇಲೆ ಸವರಿ, ಎಣಿಸಿ ನಿವೃತ್ತನಾದವನು. ಹೊಸದರಲ್ಲಿ ನನಗೂ ಬಾಯಿ ತಡೆಯುತ್ತಿರಲಿಲ್ಲ. ಯಾರೋ ನೆಂಟರ ಚೀಟಿ ನೋಡಿ 'ಸಕ್ಕರೆ ಸ್ವಲ್ಪ ಶುರುವಾದಂಗೆ ಐತೆ' ಅಂದುಬಿಟ್ಟಿದ್ದೆ. ಸಂಜೆಯೊಳಗೆ ಊರೆಲ್ಲ ಸುದ್ದಿ. ಮೂರನೇ ದಿನ ಮನೆದೇವರ ಪರುವಿನಲ್ಲಿ ಆ ಮನುಷ್ಯನ ಎಲೆಗೆ ಹೋಳಿಗೆಯನ್ನೇ ಹಾಕಲಿಲ್ಲ. ಆತ ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ; ಸಕ್ಕರೆ ಕಾಯಿಲೆಯೂ ಬಂದಿಲ್ಲ. ಅಂದಿನಿಂದ ಅಂಕಿ ಏನು ಹೇಳುತ್ತದೋ ಅಷ್ಟೇ ಹೇಳುತ್ತೇನೆ. ರೋಗದ ಹೆಸರಿಡುವ ಕೆಲಸ ಡಾಕ್ಟರದು.

ಈ ಸಲ ಏಳು ಗಂಟೆಗೆ ನಾನೇ ಸೋತು ಫೋನು ಮಾಡಿದೆ.

"ಭಾವ, ರಿಪೋರ್ಟ್ ಯಾರ್ದು?"

"ನಂದೇ ಕಣಪ್ಪ. ನೋಡ್ದಾ?"

"ಏನ್ ಕೇಳ್ಬೇಕಿತ್ತು?"

"ಏನಿಲ್ಲ. ಸುಮ್ನೆ ಕಳಿಸ್ದೆ."

ಸುಮ್ನೆ ಕಳಿಸಿದ ಮನುಷ್ಯ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲವೆಂದು ಹಿಂದಿನಿಂದ ಅಕ್ಕ ಕೂಗಿ ಹೇಳಿದಳು. ಒಂದು ಅಂಕಿಯ ಪಕ್ಕ ದಪ್ಪಕ್ಷರದ 'ಎಚ್' ಬಿದ್ದಿತ್ತು. ಅದೇ ನಿದ್ದೆಗೆಡಿಸಿತ್ತು. ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಶೇಕಡಾ 7. ಪಕ್ಕದಲ್ಲಿ ಅಚ್ಚಾಗಿದ್ದ ಮಿತಿ 1ರಿಂದ 6.

ಆ ಮಿತಿ ಎಲ್ಲಿಂದ ಬಂತು ಎಂದು ಹೇಳಿದೆ. ಆರೋಗ್ಯವಾಗಿರುವ 100 ಜನರ ರಕ್ತ ತೆಗೆದು ಸಾಲಾಗಿ ಇಟ್ಟರೆ, ತೀರಾ ಕೆಳಗಿನ ಎರಡೂವರೆ, ತೀರಾ ಮೇಲಿನ ಎರಡೂವರೆ ಬಿಟ್ಟು ನಡುವೆ ಉಳಿಯುವ 95ರ ಲೆಕ್ಕವೇ ಸಾಮಾನ್ಯವಾಗಿ ಆ ಮಿತಿ. ಅಂದರೆ ಗಟ್ಟಿಮುಟ್ಟಾದ ಐವರಿಗೂ ಮೆಷಿನ್ನು ಗುರುತು ಹಾಕಿಯೇ ಹಾಕುತ್ತದೆ. ಇಪ್ಪತ್ತು ಬಾಬತ್ತು ಇರುವ ರಿಪೋರ್ಟಿನಲ್ಲಿ ಒಂದು 'ಎಚ್' ಕಂಡರೆ ಆಶ್ಚರ್ಯವೇನಿಲ್ಲ.

"ಜೊತೆಗೆ ಇದು ಶೇಕಡಾ ಲೆಕ್ಕ ಭಾವ. ನಿಮ್ಮ ಒಟ್ಟು ಬಿಳಿ ಕಣ 6,800. ಅದರಲ್ಲಿ ನೂರಕ್ಕೆ ಏಳು ಅಂದ್ರೆ 476. ಆ ಲೆಕ್ಕಕ್ಕೆ ಇದೇ ರಿಪೋರ್ಟಲ್ಲಿ ಕೆಳಗೆ 500ರವರೆಗೆ ಮಿತಿ ಕೊಟ್ಟವ್ರೆ. ಅದರೊಳಗೇ ಐತೆ ನೋಡಿ."

"ಮತ್ತೆ ಎಚ್ ಯಾಕ್ ಹಾಕ್ದ?"

"ಮೆಷಿನ್ನು ಸಾಲುಸಾಲೇ ನೋಡುತ್ತೆ. ಎರಡು ಸಾಲು ಸೇರಿಸಿ ನೋಡೋದು ಮನುಷ್ಯರ ಕೆಲಸ. ಧೂಳು ತಡೀದೆ ಸೀನು ಬರೋರಿಗೂ ಈ ಕಣ ಏರೋದುಂಟು, ಹೊಟ್ಟೇಲಿ ಹುಳ ಇದ್ರೂ ಏರೋದುಂಟು. ನಿಮಗೆ ಯಾವುದು, ಯಾವುದೂ ಅಲ್ವೋ, ಡಾಕ್ಟರು ನಿಮ್ಮನ್ನ ನೋಡಿ ಹೇಳ್ಬೇಕು."

ಭಾವ ಸ್ವಲ್ಪ ಸಡಿಲವಾದರು. ಆಗ ಹೊರಬಿತ್ತು ಅಸಲಿ ಚಿಂತೆ.

"ಹೋದ್ವರ್ಷ ಪ್ಲೇಟ್‌ಲೆಟ್ ಎರಡು ಲಕ್ಷ ಹತ್ತು ಸಾವ್ರ ಇತ್ತು ಕಣೋ. ಈ ವರ್ಷ ಬರೀ ಇನ್ನೂರ ಹತ್ತು!"

ಎರಡೂ ರಿಪೋರ್ಟು ಪಕ್ಕಪಕ್ಕ ಇಟ್ಟು ನೋಡಿ ನಗು ತಡೆದುಕೊಂಡೆ. ಹೋದ ವರ್ಷದ ಲ್ಯಾಬು ಸೊನ್ನೆಗಳನ್ನೆಲ್ಲ ಅಚ್ಚು ಹಾಕಿತ್ತು. ಈ ವರ್ಷದ ಲ್ಯಾಬು 210 ಎಂದು ಬರೆದು, ಪಕ್ಕದ ಅಂಕಣದಲ್ಲಿ ಇರುವೆಯಷ್ಟು ಸಣ್ಣಕ್ಷರದಲ್ಲಿ 'ಸಾವಿರ' ಎಂಬ ಲೆಕ್ಕ ಕೊಟ್ಟಿತ್ತು. ಒಂದು ಲೋಡು ಕೊಬ್ಬರಿಯನ್ನು ಒಬ್ಬ ಕೆಜಿಯಲ್ಲಿ, ಇನ್ನೊಬ್ಬ ಕ್ವಿಂಟಾಲಿನಲ್ಲಿ ಬರೆದ ಹಾಗೆ. ನಿಜವಾಗಿಯೂ 210ಕ್ಕೆ ಇಳಿದಿದ್ದರೆ ಆ ಲ್ಯಾಬಿನವರು ರಿಪೋರ್ಟು ಕೈಗೆ ಕೊಟ್ಟು ಸುಮ್ಮನಿರುತ್ತಿರಲಿಲ್ಲ. ಅಷ್ಟು ಅಪಾಯದ ಅಂಕಿ ಬಂದರೆ ತಕ್ಷಣ ಡಾಕ್ಟರಿಗೆ ಫೋನು ಮಾಡುವುದು ನಮ್ಮ ಕಸುಬಿನ ರೂಢಿ.

ಇಷ್ಟಾದ ಮೇಲೆ ಭಾವ ಫೋನಿಡಲು ಹೊರಟರು. ನನಗೆ ಮಾತ್ರ ಅವರು ಗಮನಿಸದೇ ಇದ್ದ ಒಂದು ಸಾಲು ಕಣ್ಣಿಗೆ ಚುಚ್ಚುತ್ತಿತ್ತು. ಖಾಲಿ ಹೊಟ್ಟೆಯ ಸಕ್ಕರೆ 112. ಮಿತಿ 70ರಿಂದ 100. ಆ ಹೋಳಿಗೆ ನೆನಪಾಯಿತು. ಬಾಯಿ ಕಚ್ಚಿಕೊಂಡು ಕೇಳಿದೆ.

"ರಕ್ತ ಕೊಟ್ಟಿದ್ದು ಎಷ್ಟೊತ್ತಿಗೆ ಭಾವ?"

"ಏಳೂವರೆಗೆ."

"ಅದಕ್ ಮುಂಚೆ ಏನಾದ್ರೂ ತಗೊಂಡಿದ್ರಾ?"

"ಛೆ! ಏನೂ ತಿನ್ನಬಾರ್ದು, ನೀರು ಮಾತ್ರ ಅಂದಿದ್ರು. ಹಂಗೇ ಮಾಡ್ದೆ."

"ಬರೀ ನೀರು?"

"ಹ್ಞೂಂ, ಹೋಗ್ತಾ ತೋಟದಲ್ಲಿ ಒಂದ್ ಎಳನೀರ್ ಕೆಡವಿಸಿ ಕುಡ್ದೆ."

ತೆಂಗಿನ ಸೀಮೆಯಲ್ಲಿ 'ನೀರು ಮಾತ್ರ' ಎಂದು ಹೇಳಿ ಕಳಿಸಿದರೆ ಹೀಗೇ ಆಗುವುದು. ತಪ್ಪು ಭಾವನದಲ್ಲ, ಕನ್ನಡದ್ದು. ಹೆಸರಿನಲ್ಲೇ ನೀರು ಕೂತಿದೆ. ಆದರೆ ಒಂದು ಎಳನೀರಿನಲ್ಲಿ ಕಾಫಿ ಚಮಚದ ಲೆಕ್ಕಕ್ಕೆ ಎರಡು ಚಮಚದಷ್ಟಾದರೂ ಸಕ್ಕರೆ ಇರುತ್ತದೆ. ಕುಡಿದು ಗಂಟೆಯೊಳಗೆ ರಕ್ತ ಕೊಟ್ಟರೆ ಆ 112 ಖಾಲಿ ಹೊಟ್ಟೆಯದೂ ಅಲ್ಲ, ಊಟದ ನಂತರದ್ದೂ ಅಲ್ಲ. ಯಾವ ಮಿತಿಯ ಪಕ್ಕಕ್ಕೂ ಇಟ್ಟು ಅಳೆಯಲು ಬಾರದ ಅಂಕಿ. ಸಕ್ಕರೆ ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಎಂಟು ಗಂಟೆ ನಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟದೆ ಮತ್ತೊಮ್ಮೆ ಕೊಡಿ, ಎಳನೀರಿನ ವಿಷಯವನ್ನೂ ಡಾಕ್ಟರಿಗೆ ಹೇಳಿ, ಎಂದೆ. ಫೋಟೊ ಮಾತ್ರ ನೋಡಿ ನಾನು ರೇಟು ಕಟ್ಟಿದ್ದರೆ ಅಕ್ಕನ ಮನೆಯಲ್ಲೂ ಹೋಳಿಗೆ ನಿಲ್ಲುತ್ತಿತ್ತು.

ತಮಾಷೆಯೆಂದರೆ ಇದೇ ಭಾವ ಕೊಬ್ಬರಿ ನೋಡುವ ರೀತಿ ಬೇರೆ. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿಂಗಿ, ಒಳಗಿನ ಉಂಡೆ ಚಿಪ್ಪು ಬಿಟ್ಟಿದ್ದರೆ ಲೊಟಲೊಟ ಅನ್ನುತ್ತದೆ. ಅಷ್ಟಕ್ಕೇ ಒಡೆಯುವುದಿಲ್ಲ. ಅಟ್ಟಕ್ಕೆ ಹಾಕಿ ಎಷ್ಟು ತಿಂಗಳಾಯಿತು, ಯಾವ ತೋಟದ್ದು, ಹೆಂಚು ಸೋರಿತ್ತೇ, ಎಲ್ಲ ವಿಚಾರಿಸುತ್ತಾರೆ. ರಿಪೋರ್ಟಿಗೂ ಇದೇ ವಿಚಾರಣೆ ಬೇಕು ಎಂದು ನಾನೂ ಅವರಿಗೆ ಹೇಳಿದೆ: ಇನ್ನು ಮುಂದೆ ಫೋಟೊ ಜೊತೆ ಯಾರದು, ಯಾಕೆ ಮಾಡಿಸಿದ್ದು, ಯಾವ ಮಾತ್ರೆ ನುಂಗುತ್ತಿದ್ದೀರಿ, ಹಿಂದಿನ ಸಲ ಎಷ್ಟಿತ್ತು, ಇಷ್ಟು ಬರೆಯಿರಿ. "ಆಯ್ತು ಬಿಡಪ್ಪ" ಅಂದರು.

ವಾರದ ಮೇಲೆ, ಐದು ಗಂಟೆಗೆ, ಟಿಣ್. ಸಕ್ಕರೆ 97. ಡಾಕ್ಟರು ನೋಡಿದರೋ ಇಲ್ಲವೋ, ಒಂದಕ್ಷರವಿಲ್ಲ. ಅದರ ಹಿಂದೆಯೇ ಇನ್ನೊಂದು ಫೋಟೊ, ಹೆಬ್ಬೆರಳ ಸಮೇತ. ಕಣ್ಣುಜ್ಜಿಕೊಂಡು ನೋಡಿದರೆ ಪೊಟ್ಯಾಷ್ ಕಡಿಮೆ ಅಂತಿದೆ. ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ಅದು ತೋಟದ ಮಣ್ಣು ಪರೀಕ್ಷೆಯ ಚೀಟಿ.

"ಭಾವ, ಇದನ್ನ ನನಗ್ಯಾಕೆ ಕಳಿಸಿದ್ರಿ? ಕೋನೆಹಳ್ಳಿ ಕೃಷಿ ವಿಜ್ಞಾನ ಕೇಂದ್ರದೋರನ್ನ ಕೇಳ್ಬಾರ್ದಾ?"

"ಹೋಗಯ್ಯ, ಅಲ್ಲಿ ಗೊಬ್ಬರ ಎಷ್ಟಾಕ್ದೆ, ನೀರ್ ಎಷ್ಟ್ ಬಿಟ್ಟೆ ಅಂತ ಬರೀ ಪ್ರಶ್ನೆ ಕೇಳ್ತಾರೆ."