ನಿವೃತ್ತ ಯಜಮಾನರ ಕೆಟಲಾಗ್

ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಚಕ್ಕುಲಿ, ಕೋಡುಬಳೆ, ಸಾರಿನ ಪುಡಿಗಳನ್ನು ಮನೆಯಲ್ಲೇ ಮಾಡಿ ಮಾರುವ ಗೃಹಿಣಿಯರ ಬೆನ್ನಿಗೆ ಸಾಮಾನ್ಯವಾಗಿ ಒಬ್ಬ ನಿವೃತ್ತ ಪತಿ ಇರುತ್ತಾರೆ. ಹಿಟ್ಟು ಕಲಸಲು ಬಾರದ, ಚಕ್ಕುಲಿ ಒರಳು ಹಿಡಿದರೆ ಭುಜ ನೋಯುವ, ಆದರೆ ಕಚೇರಿಯಲ್ಲಿ ವರದಿ ಬರೆದು ಪಳಗಿದ ಕೈಯನ್ನು ಸುಮ್ಮನಿರಿಸಲಾರದ ಈ ಮಹನೀಯರು ಉದ್ಯಮಕ್ಕೆ ಸಲ್ಲಿಸುವ ಸೇವೆಯೇ ಕೆಟಲಾಗ್. ಎಂದರೆ ತಿಂಡಿಗಳ ಚಿತ್ರ, ಬೆಲೆ ಮತ್ತು ತರಿಸಿಕೊಳ್ಳುವ ಕ್ರಮವನ್ನು ಪುಟಪುಟವಾಗಿ ಜೋಡಿಸಿ, ಪಿಡಿಎಫ್ ಮಾಡಿ, ವಾಟ್ಸಾಪಿನಲ್ಲಿ ಪರಿಚಿತರೆಲ್ಲರಿಗೂ, ಬೇಡವೆಂದವರಿಗೆ ತುಸು ಮೊದಲೇ, ಕಳಿಸುವ ಕಿರುಹೊತ್ತಿಗೆ.

ಈ ವರ್ಗದ ಕೃತಿಗಳ ರಚನೆಯಲ್ಲಿ ಒಂದು ಸ್ಥಿರತೆ ಕಂಡುಬರುತ್ತದೆ. ಮೊದಲ ಪುಟದಲ್ಲಿ ಗಣಪತಿ, ಎರಡನೆಯದರಲ್ಲಿ ಸಂಸ್ಥೆಯ ಧ್ಯೇಯೋದ್ದೇಶ, ಅನಂತರ ಅತ್ತೆಯವರ ಕಾಲದಿಂದ ಬಂದ ಪಾಕಪರಂಪರೆ ಬರುತ್ತವೆ. ಬೆಲೆ ಮಾತ್ರ ಎಲ್ಲಿಯೂ ಬಾರದೆ, ಕೊನೆಯ ಪುಟದಲ್ಲಿ ‘ವಿವರಗಳಿಗೆ ಸಂಪರ್ಕಿಸಿ’ ಎಂಬ ಸೂಚನೆಯಾಗಿ ಮುಗಿಯುತ್ತದೆ. ಕಂಪ್ಯೂಟರಿನ ಪರದೆಗೆ ಹೊಂದುವಂತೆ ಅಡ್ಡಲಾಗಿ ಮಾಡಿದ ಪುಟವು ಫೋನಿನಲ್ಲಿ ಅಂಗೈಯಗಲದ ಪಟ್ಟಿಯಾಗುವುದರಿಂದ, ಆ ಸೂಚನೆಯೂ ಹಿಗ್ಗಿಸಿ ನೋಡಿದವರಿಗಷ್ಟೇ ಲಭ್ಯ. ಒಂಬತ್ತಕ್ಕೆ ಹದಿನಾರರ ಪ್ರಮಾಣದ ಉದ್ದನೆಯ ಪುಟವು ಫೋನಿನ ಪರದೆಯನ್ನು ತುಂಬುತ್ತದೆಂಬ ಸಂಗತಿಯನ್ನು ಇವರು ಒಪ್ಪುತ್ತಾರೆ, ಆದರೆ ಮುಂದಿನ ಆವೃತ್ತಿಗೆ.

ಛಾಯಾಚಿತ್ರಗಳ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗುತ್ತದೆ, ಏಕೆಂದರೆ ಅದನ್ನು ಮರೆಯಲು ನೆರೆಹೊರೆಗೆ ಸಾಧ್ಯವಾಗಿಲ್ಲ. ಮಲ್ಲೇಶ್ವರದ ಇಂಥದೊಂದು ಕೆಟಲಾಗಿನಲ್ಲಿ, ರಾತ್ರಿ ಊಟವಾದ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಫ್ಲ್ಯಾಶ್ ಹಾಕಿ ತೆಗೆದ ಚಕ್ಕುಲಿಗಿಂತ, ಅದನ್ನಿಟ್ಟ ಸ್ಟೀಲ್ ತಟ್ಟೆಯ ಅಂಚಿನಲ್ಲಿ ಫೋನ್ ಹಿಡಿದು ಬಾಗಿದ್ದ ಬನಿಯನ್‌ಧಾರಿ ಯಜಮಾನರೇ ಹೆಚ್ಚು ಸ್ಪಷ್ಟವಾಗಿದ್ದರು. ಎದುರಿನಿಂದ ಬಡಿದ ಬೆಳಕಿಗೆ ಚಕ್ಕುಲಿಯ ಮುಳ್ಳುಗಳೆಲ್ಲ ಅಳಿಸಿಹೋಗಿ, ಹೂವಿನ ಮೇಜುಬಟ್ಟೆಯ ಮೇಲೆ ಯಾವುದೋ ಕಂದು ಸುರುಳಿ ಬಿದ್ದಂತೆ ಕಾಣುತ್ತಿತ್ತು. ಪರಿಹಾರವೇನೂ ದುಬಾರಿಯಲ್ಲ. ಬೆಳಗ್ಗೆ ನೇರ ಬಿಸಿಲು ಬೀಳದ ಕಿಟಕಿಯ ಬಳಿ, ಬೆಳಕು ಪಕ್ಕದಿಂದ ಬರುವಂತೆ ತಟ್ಟೆಯನ್ನಿಟ್ಟರೆ ಪ್ರತಿ ಮುಳ್ಳಿಗೂ ಒಂದು ಸಣ್ಣ ನೆರಳು ಬಿದ್ದು ಗರಿಗರಿತನ ಕಣ್ಣಿಗೆ ಕಾಣುತ್ತದೆ. ಆಚೆಬದಿಗೆ ಒಂದು ಬಿಳಿ ರಟ್ಟನ್ನು ನಿಲ್ಲಿಸಿದರೆ ಕಪ್ಪಾದ ಭಾಗ ತಿಳಿಯಾಗುತ್ತದೆ. ಆ ಹೊತ್ತಿನಲ್ಲಿ ಮನೆಯ ದೀಪವನ್ನು ಆರಿಸಿರಬೇಕು, ಇಲ್ಲವಾದರೆ ಎರಡು ಬೆಳಕುಗಳ ಬಣ್ಣ ಬೆರೆತು ತಿಂಡಿಯ ಒಂದು ಮಗ್ಗುಲು ಹಳದಿಗೋ ನೀಲಿಗೋ ತಿರುಗುತ್ತದೆ. ಸ್ಟೀಲಿನ ಬದಲು ಬಾಳೆಲೆ ಸಾಕು. ಕ್ಯಾಮೆರಾದ ಗಾಜಿಗೆ ಅಂಟಿದ ಎಣ್ಣೆಯನ್ನು ಒರೆಸಿಕೊಳ್ಳುವುದು, ಫೋನು ಅಡುಗೆಮನೆಯದಾದಾಗ, ಎಲ್ಲಕ್ಕಿಂತ ಮೊದಲ ಕೆಲಸ.

“ರೀ, ರೇಟು ಎಲ್ಲಿದೆ ಅಂತ ಎಲ್ಲರೂ ನನ್ನನ್ನೇ ಕೇಳ್ತಾರೆ,” ಎಂದು ಪತ್ನಿ ಒಲೆಯ ಮುಂದಿನಿಂದ ಹೇಳಿದ ಮೇಲೆ ಬೆಲೆ ಸೇರುತ್ತದೆ. ಆದರೆ ‘ಚಕ್ಕುಲಿ 250’ ಎಂದಷ್ಟೇ ಬರೆದಾಗ ಅದು ಗ್ರಾಮೋ ರೂಪಾಯಿಯೋ ತಿಳಿಯದು. ಚಿತ್ರದ ಕೆಳಗೇ ತೂಕ ಮತ್ತು ಬೆಲೆ ಒಟ್ಟಿಗಿದ್ದರೆ ಅರ್ಧ ಪ್ರಶ್ನೆಗಳು ನಿಲ್ಲುತ್ತವೆ. ಉಳಿದರ್ಧ ಕೊರಿಯರಿನವು. ಕೊರಿಯರಿನವರು ಹಗುರವಾಗಿ ಜಾಗ ತಿನ್ನುವ ಪೆಟ್ಟಿಗೆಗೆ ಗಾತ್ರದಿಂದ ತೂಕ ಕಟ್ಟುತ್ತಾರೆ: ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುವುದು ರೂಢಿ. ಮುರಿಯದಿರಲೆಂದು ಅರ್ಧ ಕಿಲೋ ಚಕ್ಕುಲಿಯನ್ನು 25, 20, 15 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟರೆ ಲೆಕ್ಕಕ್ಕೆ ಬರುವುದು ಒಂದೂವರೆ ಕಿಲೋ. ‘ಕೊರಿಯರ್ ಉಚಿತ’ ಎಂದು ಉದಾರವಾಗಿ ಅಚ್ಚಿಸಿದ ಯಜಮಾನರು ಮೊದಲ ತಿಂಗಳು ಲಾಭವನ್ನು ಹುಡುಕಿದ್ದು ಈ ಪೆಟ್ಟಿಗೆಯೊಳಗಿನ ಗಾಳಿಯಲ್ಲೇ. ಆದ್ದರಿಂದ ತರಿಸುವ ಕ್ರಮದ ಪುಟದಲ್ಲಿ, ಗ್ರಾಹಕರು ತಿಂಡಿ, ತೂಕ ಮತ್ತು ಪಿನ್‌ಕೋಡ್ ಸಹಿತ ವಿಳಾಸ ಕಳಿಸಬೇಕು, ಮನೆಯವರು ಕೊರಿಯರ್ ಸೇರಿಸಿ ಒಟ್ಟು ಮೊತ್ತ ತಿಳಿಸುತ್ತಾರೆ, ಹಣ ಸಂದ ಮೇಲೆ ಬಾಣಲೆ ಒಲೆಗೇರುತ್ತದೆ ಎಂಬಿಷ್ಟು ಅದೇ ಅನುಕ್ರಮದಲ್ಲಿದ್ದರೆ ಸಾಕು.

ಎಣ್ಣೆಯ ಬೆಲೆ ಏರಿದಾಗ ಪಟ್ಟಿ ಬದಲಾಗುತ್ತದೆ, ಆದರೆ ಕಳೆದ ವರ್ಷದ ಪಿಡಿಎಫ್ ಶಿವಮೊಗ್ಗದ ಚಿಕ್ಕಮ್ಮನವರ ಫೋನಿನಲ್ಲಿ ಜೀವಂತವಾಗಿರುತ್ತದೆ. ಈ ಬೆಲೆ ಯಾವ ದಿನಾಂಕದವರೆಗೆ ಎಂದು ಪ್ರತಿ ಪುಟದಲ್ಲೂ ನಮೂದಿಸಬೇಕೆಂಬುದು ಯಜಮಾನರದೇ ಆವಿಷ್ಕಾರ; ಕಡತಗಳ ನಡುವೆ ಬಾಳಿದವರಿಗಲ್ಲದೆ ಇದು ಹೊಳೆಯುವುದಲ್ಲ. ಪುಟದ ಮೂಲೆಯಲ್ಲಿ ಆವೃತ್ತಿಯ ಸಂಖ್ಯೆ, ಅದರ ಪಕ್ಕ ತಮ್ಮ ಚಿಕ್ಕ ರುಜುವನ್ನೂ ಹಾಕುತ್ತಾರೆ. ರುಜು ಹಾಕಬೇಕಾದ ಕಾಗದ ಮನೆಗೆ ಬರುವುದು ನಿಂತು ವರ್ಷಗಳಾಗಿದ್ದು, ಬಹುಶಃ ಅದಕ್ಕಾಗಿಯೇ ಪತ್ನಿ ಅದನ್ನು ತೆಗೆಯಲು ಹೇಳಿಲ್ಲ. ಅವರು ಸೇರಿಸಿದ್ದು ಒಂದೇ ಸಾಲು: ‘ದೀಪಾವಳಿಗೆ ಒಂದು ವಾರ ಮುಂಚೆ ಆರ್ಡರ್ ನಿಲ್ಲುತ್ತದೆ.’ ಗ್ರಾಹಕರು ಮರೆಯದೆ ಓದುವುದೂ ಅದನ್ನೇ, ಅದರ ಮರುದಿನ ಫೋನ್ ಮಾಡಿ ‘ನಮಗೊಂದು ಅರ್ಧ ಕಿಲೋ’ ಎನ್ನಲು.